ಏರಿದ ನಿಷಾದ: ಮೈನರ್ ಸ್ಕೇಲಿನ ಮೂರು ರೂಪಗಳ ಹಿನ್ನೆಲೆ

ಪಾಶ್ಚಾತ್ಯ ಸಂಗೀತದ ಪಠ್ಯಪುಸ್ತಕವನ್ನು ಮೊದಲ ಬಾರಿಗೆ ತೆರೆದಾಗ, ಕರ್ನಾಟಕ ಸಂಗೀತದ ಮೇಳಗಳ ಪರಿಚಯವಿರುವ ನಮಗೆ ಒಂದು ಪ್ರಶ್ನೆ ಎದುರಾಗುತ್ತದೆ. ಮೇಜರ್ ಸ್ಕೇಲಿಗೆ ಒಂದೇ ರೂಪವಿದ್ದರೆ ಮೈನರ್‌ಗೆ ಮೂರು. ಸಹಜ ಮೈನರ್ ನಮ್ಮ ನಟಭೈರವಿಯ ಸ್ವರಗಳನ್ನೇ ಹೊಂದಿದೆ. ಅದರ ಕೈಶಿಕಿ ನಿಷಾದವನ್ನು ಕಾಕಲಿಯಾಗಿಸಿದರೆ ಹಾರ್ಮೋನಿಕ್ ಮೈನರ್, ಅದು ಕೀರವಾಣಿ. ಧೈವತವನ್ನೂ ಶುದ್ಧದಿಂದ ಚತುಶ್ರುತಿಗೆ ಏರಿಸಿದರೆ ಮೆಲೋಡಿಕ್ ಮೈನರ್‌ನ ಆರೋಹಣ; ಅದು ಗೌರಿಮನೋಹರಿ. ಅವರೋಹಣದಲ್ಲಿ ಮಾತ್ರ ಮತ್ತೆ ನಟಭೈರವಿ. ಇಷ್ಟನ್ನು ಹೊಂದಿಸಿಕೊಂಡ ಮೇಲೆ ಇವು ಮೂರು ರಾಗಗಳೆಂದೋ ಮೂರು ಮೇಳಗಳೆಂದೋ ಭಾವಿಸುವುದು ನಮಗೆ ಸುಲಭ. ಆದರೆ ಯುರೋಪಿನ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಅಲ್ಲಿ ನಿಷಾದ ಏರಿದ್ದು ಯಾವುದೋ ಸ್ವರಶ್ರೇಣಿಯ ಅಂಗವಾಗಿ ಅಲ್ಲ, ಹಾಡು ನಿಲ್ಲುವ ಒಂದು ಗಳಿಗೆಯ ಅಗತ್ಯವಾಗಿ.

ಆ ಗಳಿಗೆಯನ್ನು ನೋಡಲು ನಾವು ಹದಿನೈದನೆಯ ಶತಮಾನದ ಆರಂಭದ ಇಟಲಿಗೆ ಹೋಗಬೇಕು. ಚರ್ಚುಗಳಲ್ಲಿ ಆಗ ಇಬ್ಬರು ಮೂವರು ಗಾಯಕರು ಬೇರೆ ಬೇರೆ ಸ್ವರಪಂಕ್ತಿಗಳನ್ನು ಏಕಕಾಲಕ್ಕೆ ಹಾಡುವ ಪದ್ಧತಿ ಬೇರೂರಿತ್ತು. ಒಂದು ಪಂಕ್ತಿ ಮುಗಿಯುವಾಗ ಇಬ್ಬರೂ ಷಡ್ಜಕ್ಕೆ ಬಂದು ಸೇರಬೇಕು: ಕೆಳಗಿನವನು ರಿಷಭದಿಂದ ಇಳಿದು ಷಡ್ಜಕ್ಕೆ, ಮೇಲಿನವನು ನಿಷಾದದಿಂದ ಏರಿ ತಾರಷಡ್ಜಕ್ಕೆ. ಇಂದಿನ ಕೀಬೋರ್ಡಿನ ಲೆಕ್ಕದಲ್ಲಿ ಚತುಶ್ರುತಿ ರಿಷಭದಿಂದ ಕೈಶಿಕಿ ನಿಷಾದಕ್ಕೆ ಎಂಟು ಅರ್ಧಸ್ವರಗಳ ಅಂತರ. ಅವರ ಮಾತಿನಲ್ಲಿ ಅದು ಕಿರಿಯ ಷಷ್ಠ. ಷಡ್ಜದಿಂದ ತಾರಷಡ್ಜಕ್ಕೆ ಹನ್ನೆರಡು. ಹೀಗೆ ಹೋದರೆ ಇಬ್ಬರೂ ಒಂದೊಂದು ಪೂರ್ಣಸ್ವರ ಸರಿಯುತ್ತಾರೆ. ನಿಷಾದವನ್ನು ಕಾಕಲಿಗೆ ಏರಿಸಿದರೆ ಅಂತರ ಒಂಬತ್ತಾಗುತ್ತದೆ, ಹಿರಿಯ ಷಷ್ಠ. ಮೇಲಿನವನಿಗೆ ಉಳಿಯುವುದು ಅರ್ಧಸ್ವರದ ದೂರ ಮಾತ್ರ. ಪಾದುವಾದ ಪ್ರೊಸ್ಡೊಚಿಮೊ 1412ರಲ್ಲಿ ರಚಿಸಿದ ಗ್ರಂಥದಲ್ಲಿ ಇದಕ್ಕೆ ಕಾರಣ ಕೊಟ್ಟಿದ್ದಾನೆ. ಅಪೂರ್ಣವಾದ ನಾದವು ತಾನು ಸೇರಬೇಕಾದ ಪೂರ್ಣತೆಗೆ ಎಷ್ಟು ಸಮೀಪದಲ್ಲಿರುತ್ತದೋ ಅಷ್ಟು ಮಧುರ ಎಂಬುದು ಅವನ ವಾದದ ಸಾರ.

ಈ ತರ್ಕ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಫ್ರಿಜಿಯನ್ ಎಂಬ ಇನ್ನೊಂದು ಮೋಡ್ ಚೆನ್ನಾಗಿ ತೋರಿಸುತ್ತದೆ. ಅದರ ಸ್ವರಗಳು ನಮ್ಮ ತೋಡಿಯವು, ರಿಷಭ ಶುದ್ಧ. ಅಲ್ಲಿ ಶುದ್ಧ ರಿಷಭದಿಂದ ಕೈಶಿಕಿ ನಿಷಾದಕ್ಕೆ ಆಗಲೇ ಒಂಬತ್ತು ಅರ್ಧಸ್ವರಗಳಿವೆ. ಅರ್ಧಸ್ವರದ ಹೆಜ್ಜೆಯನ್ನು ಕೆಳಗಿನ ಗಾಯಕನೇ ಇಡುತ್ತಾನೆ. ಆದ್ದರಿಂದ ಫ್ರಿಜಿಯನ್ ನಿಲುಗಡೆಯಲ್ಲಿ ನಿಷಾದವನ್ನು ಏರಿಸುವ ವಾಡಿಕೆಯಿಲ್ಲ. ಏರಿಸಿದರೆ ಅಂತರವೇ ಕೆಡುತ್ತದೆ. ಬೇಕಾಗಿದ್ದದ್ದು ಏರಿದ ನಿಷಾದವಲ್ಲ, ಇಬ್ಬರಲ್ಲಿ ಒಬ್ಬನಾದರೂ ಅರ್ಧಸ್ವರದಷ್ಟು ಸಮೀಪದಿಂದ ಬಂದು ಸೇರುವುದು.

ಈ ಏರಿಕೆಯನ್ನು ಹಸ್ತಪ್ರತಿಗಳಲ್ಲಿ ಹುಡುಕಿದರೆ ಬಹುಪಾಲು ಸಿಗುವುದಿಲ್ಲ. ತರಬೇತಿ ಪಡೆದ ಗಾಯಕ ನಿಲುಗಡೆಯನ್ನು ಗುರುತಿಸಿ ತಾನಾಗಿಯೇ ಸ್ವರವನ್ನು ಏರಿಸುತ್ತಿದ್ದ. ಇಂಥ ಬರೆಯದ ತಿದ್ದುಪಡಿಗಳಿಗೆ ಒಂದು ಹೆಸರೂ ಇದೆ: ಮುಸಿಕಾ ಫಿಕ್ಟಾ, ಅಂದರೆ ಕಲ್ಪಿತ ಸಂಗೀತ. ನೇಪಲ್ಸಿನ ಆಸ್ಥಾನದಲ್ಲಿದ್ದ ಟಿಂಕ್ಟೋರಿಸ್ 1476ರ ತನ್ನ ಗ್ರಂಥದಲ್ಲಿ, ಇದರ ನೆರೆಯ ಇನ್ನೊಂದು ನಿಯಮದ ಸಂದರ್ಭದಲ್ಲಿ, ಎಲ್ಲರಿಗೂ ಗೊತ್ತಿರುವ ಕಡೆ ಚಿಹ್ನೆ ಬರೆಯುವುದನ್ನು ಕತ್ತೆಗಳ ಕೆಲಸವೆಂದು ಗೇಲಿ ಮಾಡಿದ್ದಾನೆ. ನಮ್ಮ ಹಳೆಯ ಸಾಹಿತ್ಯದ ಪುಸ್ತಕಗಳಲ್ಲಿ ಗಮಕದ ಚಿಹ್ನೆಗಳನ್ನು ಹುಡುಕಿ ಸೋತವರಿಗೆ ಈ ಧೋರಣೆ ಹೊಸದೆನಿಸಲಾರದು.

ಹಾಗಾದರೆ ನಮಗೆ ಈ ಏರಿಕೆ ತಿಳಿದದ್ದು ಹೇಗೆ? ಶಾಸ್ತ್ರಗ್ರಂಥಗಳ ಜೊತೆಗೆ ಲ್ಯೂಟ್ ವಾದ್ಯದ ಬರಹಗಳು ನೆರವಿಗೆ ಬರುತ್ತವೆ. ಹದಿನಾರನೆಯ ಶತಮಾನದಲ್ಲಿ ಹಾಡುಗಳನ್ನು ಲ್ಯೂಟಿಗೆ ಅಳವಡಿಸಿದವರು ಸ್ವರದ ಹೆಸರನ್ನು ಬರೆಯಲಿಲ್ಲ. ಯಾವ ತಂತಿ, ಎಷ್ಟನೆಯ ಮೆಟ್ಟು ಎಂದು ಬರೆದರು. ಗಾಯಕನ ಪ್ರತಿ ಬಾಯಿ ಬಿಡದ ಕಡೆ ವಾದಕನ ಬೆರಳಿನ ಜಾಗ ನಿಜವನ್ನು ಹೇಳಿಬಿಡುತ್ತದೆ. ಆದರೂ ಒಂದೇ ಹಾಡನ್ನು ಅಳವಡಿಸಿದ ಇಬ್ಬರು ಎಲ್ಲ ಕಡೆಯೂ ಒಂದೇ ಅಭಿಪ್ರಾಯ ತಳೆದಿಲ್ಲ. ಇದು ಅಭಿರುಚಿಯ ವಿಷಯವೂ ಆಗಿತ್ತೆಂದು ಇದರಿಂದ ಊಹಿಸಬಹುದು.

ಮುಂದೆ ಎರಡು ಪಂಕ್ತಿಗಳ ಲೆಕ್ಕ ಹಿಂದೆ ಸರಿದು ಸ್ವರಗುಚ್ಛಗಳ, ಎಂದರೆ ಕಾರ್ಡ್‌ಗಳ, ಲೆಕ್ಕ ಮುಂದೆ ಬಂತು. ಪಂಚಮದ ಮೇಲೆ ಕಟ್ಟಿದ ಕಾರ್ಡ್‌ನಿಂದ ಷಡ್ಜದ ಕಾರ್ಡ್‌ಗೆ ಮರಳುವುದೇ ಹೊಸ ಕಾಲದ ನಿಲುಗಡೆ. ಪಂಚಮ, ಕಾಕಲಿ ನಿಷಾದ, ರಿಷಭ ಸೇರಿದರೆ ಆ ಕಾರ್ಡ್ ಮೇಜರ್ ಆಗುತ್ತದೆ. ನಿಷಾದ ಕೈಶಿಕಿಯಾದರೆ ಮೈನರ್. ಹಾರ್ಮೋನಿಯಂ ಮುಂದೆ ಕುಳಿತು ಎರಡನ್ನೂ ನುಡಿಸಿ ನೋಡಬಹುದು. ಕೈಶಿಕಿಯ ನಂತರ ಬರುವ ಷಡ್ಜ ಇನ್ನೊಂದು ತಂಗುದಾಣದಂತೆ ಕೇಳಿಸಿದರೆ, ಕಾಕಲಿಯ ನಂತರ ಬರುವ ಷಡ್ಜ ಮನೆ ಸೇರಿದಂತೆ ಕೇಳಿಸುತ್ತದೆ. ಮೇಲೆ ಮಧ್ಯಮವನ್ನೂ ಸೇರಿಸಿದರೆ ಮಧ್ಯಮ ಕೆಳಗೆ ಗಾಂಧಾರದತ್ತ, ನಿಷಾದ ಮೇಲೆ ಷಡ್ಜದತ್ತ ಎಳೆಯುತ್ತವೆ. 1722ರಲ್ಲಿ ಸ್ವರಸಂಯೋಗದ ಗ್ರಂಥ ಪ್ರಕಟಿಸಿದ ಫ್ರಾನ್ಸಿನ ರಾಮೋ ಈ ನಿಷಾದವನ್ನು ಸಂವೇದನಶೀಲ ಸ್ವರವೆಂದು ಕರೆದ. ಹಾರ್ಮೋನಿಕ್ ಎಂಬ ವಿಶೇಷಣದ ಅರ್ಥವೂ ಇದೇ: ಅದು ಕಾರ್ಡ್ ಕಟ್ಟಲು ಬೇಕಾದ ಸ್ವರಗಳ ಪಟ್ಟಿಯೇ ಹೊರತು ಹಾಡುವ ದಾರಿಯಲ್ಲ.

ಹಾಡುವ ದಾರಿಯಲ್ಲಿ ಅದು ಒಂದು ತೊಡಕನ್ನು ತಂದಿತು. ಶುದ್ಧ ಧೈವತದಿಂದ ಕಾಕಲಿ ನಿಷಾದಕ್ಕೆ ಮೂರು ಅರ್ಧಸ್ವರಗಳ ಜಿಗಿತ. ಪಕ್ಕದ ಸ್ವರಕ್ಕೆ ಹೆಜ್ಜೆಯಿಡುವಂತೆ ಬರೆದರೂ ಕೇಳಲು ಅದು ಹಾರಿದಂತೆ. ಸಮೂಹಗಾನದಲ್ಲಿ ಅದನ್ನು ತಪ್ಪಿಸಬೇಕೆಂಬುದು ಅಲ್ಲಿನ ಪಾಠ. ಧೈವತವನ್ನೂ ಏರಿಸಿದರೆ ದಾರಿ ಸಮವಾಗುತ್ತದೆ. ಇದು ಹೊಸ ಉಪಾಯವೇನಲ್ಲ. ನಮ್ಮ ಖರಹರಪ್ರಿಯದಂತಿರುವ ಡೋರಿಯನ್ ಮೋಡಿನಲ್ಲಿ ಚತುಶ್ರುತಿ ಧೈವತ ಮೊದಲಿನಿಂದಲೂ ಇತ್ತು. ಶುದ್ಧ ಧೈವತದ ಏಯೋಲಿಯನ್‌ಗೆ ಪ್ರತ್ಯೇಕ ಮೋಡಿನ ಸ್ಥಾನ ಕೊಟ್ಟದ್ದು 1547ರಲ್ಲಿ ಗ್ಲರಿಯಾನುಸ್. ಬಾಖ್ ಕೂಡ ಜಿ ಮೈನರ್‌ನ ತನ್ನ ಮೊದಲ ಏಕವಯಲಿನ್ ಸೊನಾಟಾಕ್ಕೆ ಎರಡರ ಬದಲು ಒಂದೇ ಫ್ಲ್ಯಾಟ್ ಚಿಹ್ನೆ ಹಾಕಿದ್ದಾನೆ. ಧೈವತವನ್ನು ತಗ್ಗಿಸಬೇಕಾದ ಕಡೆ ಬಿಡಿಯಾಗಿ ಗುರುತು ಮಾಡಿದ್ದಾನೆ.

ಇಳಿಯುವಾಗ ನಿಷಾದಕ್ಕೆ ಷಡ್ಜವನ್ನು ಸೇರುವ ಕೆಲಸವಿಲ್ಲ. ಅದು ಪಂಚಮದತ್ತ ನಡೆಯುತ್ತದೆ. ಹಾಗಾಗಿ ಎರಡೂ ಸ್ವರಗಳು ಕೆಳಗಿನ ರೂಪಕ್ಕೆ ಮರಳುತ್ತವೆ. ಆದರೆ ಪಠ್ಯಪುಸ್ತಕದ ಆರೋಹಣ ಅವರೋಹಣದ ನಿಯಮವನ್ನು ಅಕ್ಷರಶಃ ಹಿಡಿದರೆ ಬಾಖ್‌ನ ಮುಂದೆ ಎಡವುತ್ತೇವೆ. ಅವನಲ್ಲಿ ಪಂಚಮದ ಕಾರ್ಡ್ ಹಿಂದೆ ನುಡಿಯುತ್ತಿದ್ದಾಗ ಇಳಿಯುವ ಓಟದಲ್ಲಿಯೂ ಏರಿದ ಸ್ವರಗಳು ಕಾಣಿಸುತ್ತವೆ. ನಿರ್ಧರಿಸುವುದು ದಿಕ್ಕಲ್ಲ, ಗುರಿ.

1723ರಲ್ಲಿ ಬಾಖ್ ಶುದ್ಧಪ್ರತಿ ಮಾಡಿದ ಇನ್ವೆನ್ಷನ್‌ಗಳಲ್ಲಿ ನಾಲ್ಕನೆಯದು ಡಿ ಮೈನರ್‌ನಲ್ಲಿದೆ. ಡಿಯನ್ನು ಷಡ್ಜವೆಂದುಕೊಂಡರೆ ಅದರ ಆರಂಭ ಸ, ರಿ, ಗ, ಮ, ಪ, ದ ಎಂದು ಏರುತ್ತದೆ, ಧೈವತ ಶುದ್ಧ. ಮುಂದೆ ಬೇಕಾಗಿರುವುದು ಕಾಕಲಿ ನಿಷಾದ. ಬಾಖ್ ಮೂರು ಅರ್ಧಸ್ವರ ಮೇಲೇರುವುದಿಲ್ಲ. ಒಮ್ಮೆಲೆ ಮಂದ್ರದ ಕಾಕಲಿ ನಿಷಾದಕ್ಕೆ ಧುಮುಕಿ, ಅಲ್ಲಿಂದ ಮತ್ತೆ ಮೇಲಿನ ಧೈವತಕ್ಕೆ ಹಾರಿ, ಪ, ಮ, ಗ, ರಿ ಎಂದು ಇಳಿದು ಗಾಂಧಾರದಲ್ಲಿ ಸೇರುತ್ತಾನೆ. ಹಾರ್ಮೋನಿಕ್ ಮೈನರ್‌ನ ಏಳೂ ಸ್ವರಗಳು ಅಲ್ಲಿವೆ, ಆ ವಿಚಿತ್ರ ಹೆಜ್ಜೆಯೊಂದು ಮಾತ್ರ ಇಲ್ಲ.

ಕೀರವಾಣಿಯನ್ನು ಹಾಡುವವರು ಅದೇ ಹೆಜ್ಜೆಯ ಮೇಲೆ ಹಿಂದೆ ಮುಂದೆ ಓಡಾಡುತ್ತ ಮನಸಾರೆ ತಂಗುತ್ತಾರೆ. ಅಲ್ಲಿ ಕಾಕಲಿ ನಿಷಾದ ಯಾವ ಕಾರ್ಡ್‌ಗೂ ಸಾಲಗಾರನಲ್ಲ; ಏರುವಾಗಲೂ ಇಳಿಯುವಾಗಲೂ ಅದು ರಾಗದ ಸ್ವಂತ ಸ್ವರ. ಕೀಬೋರ್ಡಿನಲ್ಲಿ ಎರಡಕ್ಕೂ ಒಂದೇ ಏಳು ಮನೆಗಳು.