ಹೆಬ್ಬೆರಳಿಗೆ ಎಷ್ಟು ಜಾಗ ಬೇಕು?

ಮೊಬೈಲಿನಲ್ಲಿ ‘ತಿದ್ದು’ ಒತ್ತಲು ಹೋಗಿ ಪಕ್ಕದ ‘ಅಳಿಸು’ ಒತ್ತಿದವರು ಸಾಮಾನ್ಯವಾಗಿ ಬೈದುಕೊಳ್ಳುವುದು ತಮ್ಮ ಬೆರಳನ್ನೇ. ಆದರೆ ಬೆರಳಿಗೆ ಎಷ್ಟು ಜಾಗ ಬೇಕು ಎಂಬುದು ಐಫೋನ್ ಬರುವ ಮೊದಲೇ ಅಳೆದು ನೋಡಿದ ವಿಷಯ. ಮಿಲಿಮೀಟರಿನಲ್ಲಿ ಸಿಕ್ಕ ಆ ಅಳತೆ ಮುಂದೆ ಪಾಯಿಂಟ್, ಡಿಪಿ, ಪಿಕ್ಸೆಲ್‌ಗಳ ಲೆಕ್ಕಕ್ಕೆ ಇಳಿಯುತ್ತ ಹೇಗೆ ಕುಗ್ಗಿತು, ಕೊನೆಗೆ ಬಟನ್ನಿನ ಗಾತ್ರದ ಪ್ರಶ್ನೆ ಹೇಗೆ ಬಟನ್ನುಗಳ ನಡುವಿನ ಅಂತರದ ಪ್ರಶ್ನೆಯೂ ಆಯಿತು ಎಂಬುದೇ ಈ ನಿಯಮದ ಚರಿತ್ರೆ.

ತೊಂಬತ್ತರ ದಶಕದ ಕೊನೆಯಲ್ಲಿ ಜನಪ್ರಿಯವಾದ ಪಾಮ್ ಪೈಲಟ್‌ನಂತಹ ಅಂಗೈ ಕಂಪ್ಯೂಟರುಗಳಿಗೆ ಒಂದು ಕಡ್ಡಿ ಇರುತ್ತಿತ್ತು. ಕಡ್ಡಿಯ ತುದಿ ಚೂಪು, ಆದ್ದರಿಂದ ಬಟನ್ ಎಷ್ಟು ಚಿಕ್ಕದಿದ್ದರೂ ನಡೆಯುತ್ತಿತ್ತು. ಆದರೆ ಬಸ್ಸಿನಲ್ಲಿ ನಿಂತವರು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಲ್ಲೇ ಎಲ್ಲವನ್ನೂ ಒತ್ತಬೇಕಾದರೆ? ಪೆಕ್ಕಾ ಪರ್ಹಿ, ಏಮಿ ಕಾರ್ಲ್ಸನ್ ಮತ್ತು ಬೆಂಜಮಿನ್ ಬೆಡರ್ಸನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಶ್ನೆ ಇದೇ. 20 ಜನರ ಕೈಗೆ ಚಿಕ್ಕ ಟಚ್‌ಸ್ಕ್ರೀನ್ ಕೊಟ್ಟು, ಬೇರೆ ಬೇರೆ ಗಾತ್ರದ ಚೌಕಗಳನ್ನು ಹೆಬ್ಬೆರಳಿನಿಂದ ಒತ್ತಿಸಿದರು. ಚೌಕ ಕಿರಿದಾದಂತೆ ತಪ್ಪು ಹೆಚ್ಚಿತು. ಒಂದೇ ಸಲ ಒತ್ತುವ ಬಟನ್ನಿಗೆ 9.2 ಮಿಲಿಮೀಟರ್, ಫೋನ್ ನಂಬರಿನಂತೆ ಸಾಲಾಗಿ ಒತ್ತುವ ಕೀಲಿಗಳಿಗೆ 9.6 ಮಿಲಿಮೀಟರ್ ಇದ್ದರೆ ವೇಗಕ್ಕೂ ನಿಖರತೆಗೂ ದೊಡ್ಡ ಧಕ್ಕೆಯಿಲ್ಲ ಎಂದು ಅವರು ಶಿಫಾರಸು ಮಾಡಿದರು.

ಮರುವರ್ಷ ಐಫೋನ್ ಬಂತು. ಅದರ ಪರದೆಯ ಅಗಲ 320 ಪಿಕ್ಸೆಲ್, ಒಂದು ಇಂಚಿಗೆ 163 ಪಿಕ್ಸೆಲ್. ಆ್ಯಪ್ ಮಾಡುವವರಿಗೆ ಆಪಲ್ ಕೊಟ್ಟ ವಿನ್ಯಾಸದ ಕೈಪಿಡಿಯಲ್ಲಿ ನೆಲೆಯೂರಿದ ಸಂಖ್ಯೆ 44. ಬಟನ್ನಿನ ಅಗಲ, ಎತ್ತರ ಎರಡೂ ಕನಿಷ್ಠ ಅಷ್ಟಿರಬೇಕು. 44ನ್ನು 163ರಿಂದ ಭಾಗಿಸಿ ಮಿಲಿಮೀಟರಿಗೆ ತಂದರೆ ಸುಮಾರು 6.9. ಅಂದರೆ ಪ್ರಯೋಗದಲ್ಲಿ ಕಂಡ 9.2ಕ್ಕಿಂತ ಇದು ಆಗಲೇ ಕಾಲುಭಾಗ ಚಿಕ್ಕದು. 2010ರ ಐಫೋನ್ 4 ಬಂದಾಗ ಅದೇ ಜಾಗದಲ್ಲಿ ಅಡ್ಡಕ್ಕೂ ಉದ್ದಕ್ಕೂ ಎರಡರಷ್ಟು ಪಿಕ್ಸೆಲ್ ತುಂಬಿದವು. ಹಳೆಯ 44 ಪಿಕ್ಸೆಲ್ಲನ್ನೇ ಹಿಡಿದಿದ್ದರೆ ಬಟನ್ ಮೂರೂವರೆ ಮಿಲಿಮೀಟರಿಗೆ ಕುಗ್ಗುತ್ತಿತ್ತು. ಹಾಗಾಗಿ ಲೆಕ್ಕ ‘ಪಾಯಿಂಟ್’ಗೆ ಬದಲಾಯಿತು. 44 ಪಾಯಿಂಟ್ ಎಂದರೆ ಹೊಸ ಪರದೆಯಲ್ಲಿ 88 ಪಿಕ್ಸೆಲ್. ಬೆರಳಿಗೆ ಸಿಗುವ ಜಾಗ ಮಾತ್ರ ಮೊದಲಿನಷ್ಟೇ.

ಆಂಡ್ರಾಯ್ಡ್ ಕೂಡ ಇದೇ ಕಾರಣಕ್ಕೆ ‘ಡಿಪಿ’ ಎಂಬ ಏಕಮಾನ ಇಟ್ಟುಕೊಂಡಿತು. ಇಂಚಿಗೆ 160 ಡಿಪಿ ಎಂಬುದು ಅದರ ಮೂಲ ಲೆಕ್ಕ. ಗೂಗಲ್ ಹೇಳುವ 48 ಡಿಪಿ ಈ ಲೆಕ್ಕದಲ್ಲಿ 7.6 ಮಿಲಿಮೀಟರ್. ಪ್ರಯೋಗದ ಅಳತೆಗೆ ಎಲ್ಲರಿಗಿಂತ ಹತ್ತಿರ ಉಳಿದದ್ದು ಮೈಕ್ರೋಸಾಫ್ಟ್. 2010ರ ವಿಂಡೋಸ್ ಫೋನ್ 7ರ ಕೈಪಿಡಿ ಮಿಲಿಮೀಟರಿನಲ್ಲೇ ಮಾತಾಡಿತು: ಬಟನ್ 9 ಮಿಲಿಮೀಟರ್ ಇರಲಿ, ಅನಿವಾರ್ಯವಾದರೂ 7ಕ್ಕಿಂತ ಇಳಿಯದಿರಲಿ, ಎರಡು ಬಟನ್ನುಗಳ ನಡುವೆ 2 ಮಿಲಿಮೀಟರ್ ಬಿಡಿ. ಅಂತರವನ್ನು ಹೀಗೆ ಬೇರೆಯಾಗಿ ಹೆಸರಿಸಿದ್ದರಲ್ಲಿ ಅರ್ಥವಿತ್ತು. ಖಾಲಿ ಜಾಗದಲ್ಲಿ ಬಿದ್ದ ಬೆರಳಿಗೆ ಇನ್ನೊಮ್ಮೆ ಒತ್ತುವ ಕೆಲಸ ಮಾತ್ರ ಇರುತ್ತದೆ. ಪಕ್ಕದ ಬಟನ್ ಮೇಲೆ ಬಿದ್ದರೆ ಬೇಡದ ಕೆಲಸವೇ ನಡೆದುಹೋಗುತ್ತದೆ.

ಇವೆಲ್ಲ ಕಂಪನಿಗಳ ಸಲಹೆಗಳು, ಅದೂ ಆ್ಯಪ್‌ಗಳಿಗೆ. ವೆಬ್ ಪುಟಗಳಿಗೆ ನಿಯಮ ಬರಲು 2018ರವರೆಗೆ ಕಾಯಬೇಕಾಯಿತು. ಆ ವರ್ಷದ ಜೂನ್‌ನಲ್ಲಿ ಡಬ್ಲ್ಯು3ಸಿ ಪ್ರಕಟಿಸಿದ ವೆಬ್ ಸುಗಮತೆಯ ಮಾರ್ಗಸೂಚಿ 2.1ರಲ್ಲಿ 44 ಸಿಎಸ್ಎಸ್ ಪಿಕ್ಸೆಲ್‌ಗಳ ನಿಯಮ ಸೇರಿತು. ಆದರೆ ಅದನ್ನು ಇಟ್ಟದ್ದು ಎಎಎ ಎಂಬ ಅತ್ಯುನ್ನತ ಮಟ್ಟದಲ್ಲಿ. ಸರ್ಕಾರಗಳು ಸಾಮಾನ್ಯವಾಗಿ ಕಡ್ಡಾಯ ಮಾಡುವುದು ಅದಕ್ಕಿಂತ ಕೆಳಗಿನ ಎಎ ಮಟ್ಟವನ್ನು. ಹೀಗಾಗಿ ನಿಯಮ ಪುಸ್ತಕದಲ್ಲಿತ್ತು, ಪಾಲಿಸಲೇಬೇಕಾದವರು ಹೆಚ್ಚು ಇರಲಿಲ್ಲ.

ಮುಂದಿನ ಆವೃತ್ತಿಯಾದ 2.2ರಲ್ಲಿ ಇದನ್ನು ಎಎ ಮಟ್ಟಕ್ಕೆ ತರುವ ಪ್ರಯತ್ನ ನಡೆಯಿತು. 2020ರ ಕರಡಿನಲ್ಲಿ ನಿಯಮದ ಹೆಸರೇ ಅಂತರದ ಮೇಲಿತ್ತು: ಬಟನ್ ಚಿಕ್ಕದಿದ್ದರೂ ಸರಿ, ಅದರ ಸುತ್ತ ಒಟ್ಟು 44 ಪಿಕ್ಸೆಲ್ ಜಾಗ ಅದಕ್ಕೇ ಮೀಸಲಾಗಿರಲಿ. ನಂತರದ ಕರಡುಗಳಲ್ಲಿ 44 ಹೋಗಿ 24 ಬಂತು. 2023ರ ಅಕ್ಟೋಬರ್ 5ರಂದು ಅಂತಿಮವಾದದ್ದೂ 24ರ ನಿಯಮವೇ. ಬಟನ್ 24 ಪಿಕ್ಸೆಲ್ ಇಲ್ಲದಿದ್ದರೆ, ಅದರ ನಡುವಿನಿಂದ 24 ಪಿಕ್ಸೆಲ್ ವ್ಯಾಸದ ವೃತ್ತ ಎಳೆಯಬೇಕು. ಆ ವೃತ್ತ ಇನ್ನೊಂದು ಬಟನ್ ಮೇಲಾಗಲಿ, ಇನ್ನೊಂದು ಚಿಕ್ಕ ಬಟನ್ನಿನ ವೃತ್ತದ ಮೇಲಾಗಲಿ ಏರಬಾರದು. ವಾಕ್ಯದ ನಡುವೆ ಬರುವ ಕೊಂಡಿಗಳಂತಹ ಕೆಲವಕ್ಕೆ ವಿನಾಯಿತಿಯಿದೆ.

‘ತಿದ್ದು’, ‘ಅಳಿಸು’ ಚಿತ್ರಗಳನ್ನೇ ತೆಗೆದುಕೊಳ್ಳೋಣ. ಎರಡೂ 16 ಪಿಕ್ಸೆಲ್, ನಡುವೆ 4 ಪಿಕ್ಸೆಲ್. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 8, 4, 8 ಕೂಡಿದರೆ 20. ವೃತ್ತಗಳು ಮುಟ್ಟದಿರಲು 24 ಬೇಕಿತ್ತು. ಇಲ್ಲಿ ಒಂದರ ಮೇಲೊಂದು ಏರುತ್ತವೆ, ನಪಾಸು. ನಡುವಿನ ಜಾಗವನ್ನು 8 ಮಾಡಿದರೆ ವೃತ್ತಗಳು ಅಂಚಿಗೆ ಅಂಚು ತಾಗಿ ನಿಲ್ಲುತ್ತವೆ, ಪಾಸು. ಆದರೆ ಫೋನಿನಲ್ಲಿ 24 ಸಿಎಸ್ಎಸ್ ಪಿಕ್ಸೆಲ್ ಎಂದರೆ ಸುಮಾರು 3.8 ಮಿಲಿಮೀಟರ್. ಹೆಬ್ಬೆರಳು ಬೇಡಿದ 9.2ರ ಅರ್ಧವೂ ಅಲ್ಲ. ಪರೀಕ್ಷೆಯಲ್ಲಿ ಪಾಸಾದ ಪುಟದಲ್ಲೂ ಕೈನಡುಕ ಇರುವವರು ‘ಅಳಿಸು’ ಒತ್ತಿಬಿಡುವುದು ಇದಕ್ಕೇ.

ಚಿತ್ರವನ್ನು ಹಿಗ್ಗಿಸದೆಯೇ ಇದನ್ನು ಸರಿಪಡಿಸಬಹುದು. 16 ಪಿಕ್ಸೆಲ್ ಚಿತ್ರದ ನಾಲ್ಕೂ ಬದಿಗೆ 14 ಪಿಕ್ಸೆಲ್ ಒಳಜಾಗ ಕೊಟ್ಟರೆ ಸರಿಯಾಗಿ 44 ಆಗುತ್ತದೆ:

```css
.row-action {
  box-sizing: content-box;
  width: 16px;
  height: 16px;
  padding: 14px;
  border: 0;
}
```

ಕಣ್ಣಿಗೆ ಚಿತ್ರ ಮೊದಲಿನಂತೆಯೇ ಕಾಣುತ್ತದೆ, ಬೆರಳಿಗೆ ಮಾತ್ರ ಜಾಗ ಹೆಚ್ಚುತ್ತದೆ. ಇಲ್ಲಿ ಸಾಮಾನ್ಯವಾಗಿ ಎರಡು ಎಡವಟ್ಟು ಆಗುತ್ತವೆ. ಒಂದು, ಒಳಜಾಗವನ್ನು ಹೊರಗಿನ ಪೆಟ್ಟಿಗೆಗೆ ಕೊಟ್ಟು, ಒತ್ತಿದರೆ ಕೆಲಸ ಮಾಡುವ ಗುಣವನ್ನು ಒಳಗಿನ ಚಿತ್ರಕ್ಕೆ ಮಾತ್ರ ಜೋಡಿಸುವುದು. ಚಿತ್ರದ ಅಂಚಿನಾಚೆ ಒತ್ತಿ ಏನೂ ಆಗದಿದ್ದರೆ ತಪ್ಪು ಇಲ್ಲಿದೆ. ಇನ್ನೊಂದು, ಪುಟದ ತಲೆಯಲ್ಲಿ ಈ ಸಾಲನ್ನು ಮರೆಯುವುದು:

```html
<meta name="viewport" content="width=device-width, initial-scale=1">
```

ಇದಿಲ್ಲದಿದ್ದರೆ ಐಫೋನಿನ ಬ್ರೌಸರ್ ಪುಟವನ್ನು 980 ಪಿಕ್ಸೆಲ್ ಅಗಲದ್ದೆಂದು ಭಾವಿಸಿ, ಪರದೆಗೆ ಹಿಡಿಸುವಂತೆ ಕುಗ್ಗಿಸುತ್ತದೆ. ಮೊದಲ ಐಫೋನಿನ 320 ಅಗಲದಲ್ಲಿ 44 ಪಿಕ್ಸೆಲ್ ಬಟನ್ ಹೀಗೆ ಸುಮಾರು 14ಕ್ಕೆ, ಅಂದರೆ ಎರಡು ಮಿಲಿಮೀಟರಿಗೆ ಸ್ವಲ್ಪ ಹೆಚ್ಚಿಗೆ ಇಳಿಯುತ್ತಿತ್ತು. ಕೋಡಿನಲ್ಲಿ ಸಂಖ್ಯೆ ಮಾತ್ರ 44 ಎಂದೇ ಉಳಿದಿರುತ್ತದೆ.

ಭಾರತ ಸರ್ಕಾರದ ಜಾಲತಾಣಗಳಿಗೆ 2023ರಲ್ಲಿ ಬಂದ ಮಾರ್ಗಸೂಚಿ ಆಧರಿಸಿರುವುದು ಆವೃತ್ತಿ 2.1ರ ಎಎ ಮಟ್ಟವನ್ನು. ಆ ಆವೃತ್ತಿಯ ಆ ಮಟ್ಟದಲ್ಲಿ ಬಟನ್ನಿನ ಗಾತ್ರದ ನಿಯಮವಿಲ್ಲ. 44 ಅದರ ಮೇಲಿನ ಮಟ್ಟದಲ್ಲಿದೆ, 24 ಅದರ ನಂತರದ ಆವೃತ್ತಿಯಲ್ಲಿದೆ. ಪಿಂಚಣಿ ಅರ್ಜಿಯನ್ನು ಫೋನಿನಲ್ಲಿ ತುಂಬುವ ಅಜ್ಜಿಗೆ ಎಷ್ಟು ಜಾಗ ಸಿಗಬೇಕು ಎಂಬುದು ಸದ್ಯಕ್ಕೆ ಆ ಪುಟ ಬರೆಯುವವರು ಮಾಡುವ ತೀರ್ಮಾನ.