ವಾಸಿಯಾಗದ ಕಾಲಿನ ಹುಣ್ಣು: ಗಾಳಿಗೆ ಬಿಡಬೇಕೇ, ಮುಚ್ಚಬೇಕೇ?

‘ಗಾಯಕ್ಕೆ ಗಾಳಿಯಾಡಬೇಕು, ನೀರು ಸೋಕಿದರೆ ನಂಜಾಗುತ್ತದೆ’ ಎಂಬ ಮಾತು ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಮನೆಗಳಲ್ಲೂ ಕೇಳಿಬರುತ್ತದೆ. ತರಚು ಗಾಯ ಹೇಗಿಟ್ಟರೂ ವಾಸಿಯಾಗುವುದರಿಂದ ಈ ನಂಬಿಕೆ ಉಳಿದುಕೊಂಡಿದೆ. ಆದರೆ ತಿಂಗಳುಗಟ್ಟಲೆ ಮಾಯದ ಹುಣ್ಣಿಗೆ ಇದೇ ಅಡ್ಡಿಯಾಗಬಹುದು.

ಹಕ್ಕಳೆ ಕಟ್ಟುವುದು ಒಳ್ಳೆಯದಲ್ಲವೇ?

ಗಾಯ ಮುಚ್ಚುವುದೆಂದರೆ ಅಂಚಿನ ಚರ್ಮದ ಜೀವಕೋಶಗಳು ಮಧ್ಯಭಾಗದತ್ತ ಸರಿದು ಬರುವುದು. ಅವು ಒದ್ದೆ ಮೇಲ್ಮೈಯಲ್ಲಿ ಸಲೀಸಾಗಿ ಸಾಗುತ್ತವೆ. ಗಾಯ ಒಣಗಿ ಹಕ್ಕಳೆ ಕಟ್ಟಿದರೆ ಅದರ ಅಡಿಯಲ್ಲಿ ತೇವವಿರುವ ದಾರಿ ಹುಡುಕಿ ನುಸುಳಬೇಕಾಗುತ್ತದೆ. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲ್ಮೈ ಗಾಯಗಳಲ್ಲಿ ಇದನ್ನು ತೋರಿಸಿದರು. ಪ್ಲಾಸ್ಟಿಕ್ ಹಾಳೆ ಮುಚ್ಚಿ ತೇವ ಕಾಪಾಡಿದ ಗಾಯಗಳಲ್ಲಿ ಹೊಸ ಚರ್ಮ ಬಂದ ವೇಗ, ತೆರೆದಿಟ್ಟವುಗಳಿಗಿಂತ ಸುಮಾರು ಎರಡು ಪಟ್ಟು. ತೇವ ಎಂದರೆ ಹದವಾದ ಪಸೆ ಮಾತ್ರ. ಗಾಯ ನೀರಲ್ಲಿ ನೆನೆದಂತಿರಬಾರದು.

ಒಂದು ಉದಾಹರಣೆ

ಅರಸೀಕೆರೆ ಸೀಮೆಯ 58 ವರ್ಷದ ತೆಂಗು ಬೆಳೆಗಾರರೊಬ್ಬರನ್ನು ಊಹಿಸಿಕೊಳ್ಳಿ. ಕಾಲಿನಲ್ಲಿ ಉಬ್ಬಿದ ರಕ್ತನಾಳಗಳಿವೆ. ಪಾದದ ಗಿಣ್ಣಿನ ಒಳಬದಿಯಲ್ಲಿ, ಸ್ವಲ್ಪ ಮೇಲೆ, 3 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಹುಣ್ಣು ಮೂರು ತಿಂಗಳಿಂದಿದೆ. ದಿನವೂ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ನೊರೆ ಬಂದರೆ ‘ಕೊಳೆ ಹೋಯಿತು’ ಎಂದುಕೊಳ್ಳುತ್ತಾರೆ. ಮೇಲೆ ಪುಡಿ ಉದುರಿಸಿ, ರಾತ್ರಿ ತೆರೆದಿಡುತ್ತಾರೆ.

ಆ ನೊರೆ ಕೊಳೆಯ ಗುರುತಲ್ಲ. ನಮ್ಮ ರಕ್ತ ಮತ್ತು ಜೀವಕೋಶಗಳಲ್ಲಿರುವ ಕಿಣ್ವವೊಂದು ಪೆರಾಕ್ಸೈಡನ್ನು ಒಡೆದಾಗ ಹೊರಬರುವ ಆಮ್ಲಜನಕ ಅದು. ಶುದ್ಧ ಗಾಯದಲ್ಲೂ ಬರುತ್ತದೆ. ಪೆರಾಕ್ಸೈಡ್, ಸ್ಪಿರಿಟ್, ಗಟ್ಟಿ ಅಯೋಡಿನ್ ದ್ರಾವಣಗಳು ಕ್ರಿಮಿಯನ್ನಷ್ಟೇ ಕೊಲ್ಲುವುದಿಲ್ಲ, ಹೊಸ ಮಾಂಸ ಕಟ್ಟುವ ಕೋಶಗಳಿಗೂ ಹಾನಿ ಮಾಡಬಲ್ಲವು. ಪುಡಿ ಹೆಪ್ಪುಗಟ್ಟಿ ಗಾಯದ ತಳವನ್ನೇ ಮರೆಮಾಡುತ್ತದೆ.

ಹಳೆಯ ಹುಣ್ಣುಗಳಲ್ಲಿ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಅವು ಇವೆ ಎಂದ ಮಾತ್ರಕ್ಕೆ ಸೋಂಕಲ್ಲ. ನೋವು ಹೆಚ್ಚುವುದು, ಸುತ್ತಲಿನ ಕೆಂಪು ಹರಡುವುದು, ಬಿಸಿ, ದುರ್ವಾಸನೆಯ ಕೀವು, ಜ್ವರ ಇವು ಸೋಂಕಿನ ಲಕ್ಷಣಗಳು. ಆಗ ವೈದ್ಯರು ನಂಜುನಿರೋಧಕವನ್ನು ಕೆಲವು ದಿನಗಳ ಮಟ್ಟಿಗೆ ಬಳಸಿ, ಮತ್ತೆ ಪರೀಕ್ಷಿಸಿ ನಿಲ್ಲಿಸುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಸೋಂಕು ಆಳಕ್ಕಿಳಿಯಬಹುದು.

ಯಾವ ಡ್ರೆಸ್ಸಿಂಗ್?

ಮೊದಲು ಸಲೈನ್‌ನಿಂದ ಅಥವಾ ಕುದಿಸಿ ಆರಿಸಿದ ನೀರಿನಿಂದ ತೊಳೆಯಬೇಕು. ಬಳಿಕ ಗಾಯದಿಂದ ಎಷ್ಟು ರಸ ಒಸರುತ್ತಿದೆ ಎಂಬುದನ್ನು ನೋಡಿ ಡ್ರೆಸ್ಸಿಂಗ್ ಆರಿಸುತ್ತಾರೆ.

- ಒಣಗಿ ಹಳದಿ ಪೊರೆ ಅಂಟಿದ್ದರೆ: ತೇವ ಕೊಡುವ ಹೈಡ್ರೋಜೆಲ್.
- ಶುದ್ಧವಾಗಿದ್ದು ರಸ ಕಡಿಮೆಯಿದ್ದರೆ: ಅಂಟದ ಪ್ಯಾರಾಫಿನ್ ಬಟ್ಟೆ ಅಥವಾ ಹೈಡ್ರೋಕೊಲಾಯ್ಡ್.
- ರಸ ಹೆಚ್ಚಿದ್ದರೆ: ಹೀರಿಕೊಳ್ಳುವ ಫೋಮ್ ಅಥವಾ ಆಲ್ಜಿನೇಟ್.

ಸುತ್ತಲಿನ ಚರ್ಮ ಬೆಳ್ಳಗೆ, ನೀರಲ್ಲಿ ನೆನೆದ ಬೆರಳಿನಂತೆ ಮೆತ್ತಗಾಗಿದ್ದರೆ ತೇವ ಹೆಚ್ಚಾಗಿದೆ ಎಂದರ್ಥ. ಹೆಚ್ಚು ಹೀರುವ ಡ್ರೆಸ್ಸಿಂಗ್ ಬೇಕು, ಇಲ್ಲವೇ ಬೇಗ ಬದಲಿಸಬೇಕು. ಒಣ ಗಾಜ್ ಅಂಟಿಕೊಂಡಿದ್ದರೆ ಎಳೆದು ಕೀಳಬೇಡಿ, ಹೊಸ ಚರ್ಮವೂ ಕಿತ್ತುಬರುತ್ತದೆ. ಸಲೈನ್ ಹಾಕಿ ನೆನೆಸಿ ಬಿಡಿಸಿ.

ಡ್ರೆಸ್ಸಿಂಗ್ ಒಂದೇ ಸಾಲದು

ನಮ್ಮ ಬೆಳೆಗಾರರ ಹುಣ್ಣಿಗೆ ಮೂಲ ಕಾರಣ ಕಾಲಿನಲ್ಲಿ ತಂಗುವ ರಕ್ತ. ಅದಕ್ಕೆ ಒತ್ತುಪಟ್ಟಿ ಬೇಕು. ಆದರೆ ಪಾದಕ್ಕೆ ರಕ್ತ ಸರಿಯಾಗಿ ಇಳಿಯುತ್ತಿದೆಯೇ ಎಂದು ವೈದ್ಯರು ಪರೀಕ್ಷಿಸಿದ ನಂತರವೇ ಕಟ್ಟಬೇಕು. ರಕ್ತ ಕಡಿಮೆಯಿರುವ ಕಾಲಿಗೆ ಬಿಗಿದರೆ ಅಂಗಕ್ಕೇ ಅಪಾಯ. ಅಂಗಾಲಿನ ಸಕ್ಕರೆ ಹುಣ್ಣಾದರೆ ಆ ಜಾಗದ ಮೇಲೆ ಭಾರ ಬೀಳದಂತೆ ಮಾಡುವುದೇ ಮುಖ್ಯ ಚಿಕಿತ್ಸೆ.

ತೇವದ ನಿಯಮಕ್ಕೂ ಅಪವಾದವಿದೆ. ರಕ್ತಸಂಚಾರವಿಲ್ಲದೆ ಕಪ್ಪಾಗಿ ಒಣಗಿದ ಬೆರಳು ಅಥವಾ ಹಿಮ್ಮಡಿಯನ್ನು ಒದ್ದೆ ಮಾಡಬಾರದು, ಮಾಡಿದರೆ ಕೊಳೆತು ಸೋಂಕು ಏರುತ್ತದೆ. ಅದನ್ನು ಒಣದಾಗಿಯೇ ಇಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ವಾರಕ್ಕೊಮ್ಮೆ ಹುಣ್ಣನ್ನು ಅಳೆದು ಬರೆದಿಡಿ. ಇವರದು 3×2, ಅಂದರೆ 6 ಚದರ ಸೆಂ.ಮೀ. ನಾಲ್ಕು ವಾರಗಳಲ್ಲಿ ಸುಮಾರು ಅರ್ಧಕ್ಕೆ, ಅಂದರೆ 2×1.5ರ ಆಸುಪಾಸಿಗೆ ಇಳಿದಿದ್ದರೆ ದಾರಿ ಸರಿಯಿದೆ. ಇಳಿಯದಿದ್ದರೆ ಮತ್ತೊಂದು ಮುಲಾಮು ಹುಡುಕುವ ಬದಲು ಕಾರಣ ಹುಡುಕಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ, ಅಗತ್ಯವಿದ್ದರೆ ಹಾಸನದಲ್ಲಿ, ರಕ್ತನಾಳ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿ. ಅಂಚು ಉಬ್ಬಿ ಗಂಟಾಗಿದ್ದರೆ ಚೂರು ತೆಗೆದು ಕ್ಯಾನ್ಸರ್ ಪರೀಕ್ಷೆ ಮಾಡಬೇಕಾಗಬಹುದು.