ಒಪ್ಪಿಗೆಯ ದಿನಗಳು ಮತ್ತು ರೀಆರ್ಡರ್ ಲೆವೆಲ್: ಸ್ವಯಂಚಾಲಿತ ಖರೀದಿ ಆದೇಶದ ಕುರಿತು ಒಂದು ಟಿಪ್ಪಣಿ

ದಾಸ್ತಾನು ಒಂದು ಮಟ್ಟಕ್ಕಿಂತ ಕೆಳಗಿಳಿದ ಕೂಡಲೇ ಖರೀದಿ ಆದೇಶ ತಾನಾಗಿ ಹೊರಡುವಂತೆ ಮಾಡುವುದು ಈಗ ಸಣ್ಣ ಕಾರ್ಖಾನೆಗಳಿಗೂ ಸಾಧ್ಯ. ಆದರೆ ಆದೇಶಕ್ಕೆ ಮೇಲಿನವರ ಸಹಿ, ಆಮೇಲೆ ಪೂರೈಕೆದಾರರ ಒಪ್ಪಿಗೆ ಬೇಕಾದಾಗ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದರತ್ತ ಗಮನ ಹೋಗುವುದು ಕಡಿಮೆ. ಮುಕ್ತ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್ ಅನ್ನು ಇಟ್ಟುಕೊಂಡು ಈ ಒಂದು ಪ್ರಶ್ನೆಯನ್ನಷ್ಟೇ ಇಲ್ಲಿ ಪರಿಶೀಲಿಸಿದ್ದೇನೆ. ಅದರ ಸಂಕೇತ ಎಲ್ಲರಿಗೂ ತೆರೆದಿರುವುದರಿಂದ ಒಳಗಿನ ನಡೆಯನ್ನು ಓದಿಯೇ ತಿಳಿಯಬಹುದು.

ಈ ತಂತ್ರಾಂಶ ದಿನಕ್ಕೊಮ್ಮೆ ಪ್ರತಿ ಗೋದಾಮಿನ ಲೆಕ್ಕ ನೋಡುತ್ತದೆ. ಅದು ನೋಡುವುದು ಕಪಾಟಿನಲ್ಲಿರುವ ಮಾಲನ್ನು ಮಾತ್ರವಲ್ಲ. ಉತ್ಪಾದನೆಗೆ ಸಂಬಂಧಿಸಿದ ಅಂಕಣಗಳನ್ನು ಬಿಟ್ಟರೆ ಸೂತ್ರ ಹೀಗಿದೆ:

```
projected_qty = actual_qty + indented_qty + ordered_qty - reserved_qty
```

ಇರುವ ಮಾಲಿಗೆ ಇಂಡೆಂಟ್ ಹಾಕಿದ್ದನ್ನೂ ಆರ್ಡರ್ ಆಗಿರುವುದನ್ನೂ ಕೂಡಿ, ಕಾಯ್ದಿರಿಸಿದ್ದನ್ನು ಕಳೆಯುತ್ತದೆ. ಈ ಮೊತ್ತ ರೀಆರ್ಡರ್ ಲೆವೆಲ್‌ಗೆ ಇಳಿದಾಗ ಅದು ತಾನಾಗಿ ಹುಟ್ಟಿಸುವುದು ಪರ್ಚೇಸ್ ಆರ್ಡರನ್ನಲ್ಲ, ಇಂಡೆಂಟನ್ನು. ಪರದೆಯ ಮೇಲೆ ಇದರ ಹೆಸರು `Material Request`. ಅದರಿಂದ ಆರ್ಡರ್ ತಯಾರಿಸುವ ಕೆಲಸವನ್ನು ಗುಮಾಸ್ತರು ಮಾಡಬೇಕು, ಇಲ್ಲವೇ ಚಿಕ್ಕದೊಂದು ಸ್ಕ್ರಿಪ್ಟ್ ಬರೆಸಬೇಕು.

ಉದಾಹರಣೆಗೆ ಪೀಣ್ಯದಂಥ ಕಡೆಯ ಒಂದು ಲೇತ್ ಘಟಕವನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ದಿನಕ್ಕೆ 20 ಕಾರ್ಬೈಡ್ ಇನ್ಸರ್ಟ್ ಸವೆಯುತ್ತವೆ. ಪೂರೈಕೆದಾರರು ಹೇಳುವ ಗಡುವು 8 ದಿನ, ಸುರಕ್ಷತೆಗೆಂದು ಇಟ್ಟ ದಾಸ್ತಾನು 60, ಒಮ್ಮೆ ತರಿಸುವುದು 400. ಇಪ್ಪತ್ತನ್ನು ಎಂಟರಿಂದ ಗುಣಿಸಿ ಅರವತ್ತು ಕೂಡಿಸಿದರೆ ರೀಆರ್ಡರ್ ಲೆವೆಲ್ 220. ತಂತ್ರಾಂಶದ ಶಿಫಾರಸು ವರದಿಯೂ ಐಟಂನಲ್ಲಿ ಬರೆದ ಗಡುವನ್ನೇ ನಂಬುವುದರಿಂದ, ಅಲ್ಲಿ 8 ಎಂದಿದ್ದರೆ ಅದು ಕೊಡುವ ಉತ್ತರವೂ 220.

ಆದರೆ ಮಾಲು ಬರಲು ನಿಜವಾಗಿ ಹಿಡಿಯುವುದು 12 ದಿನ. ದೈನಿಕ ತಪಾಸಣೆ ನಡೆಯುವವರೆಗೆ ಒಂದು ದಿನ, ಸಹಿಗೆ ಎರಡು, ಪೂರೈಕೆದಾರರ ಒಪ್ಪಿಗೆಗೆ ಒಂದು, ಅಲ್ಲಿಂದ ಮುಂದೆ ಎಂಟು. 220 ಇನ್ಸರ್ಟ್ ಹನ್ನೊಂದು ದಿನಕ್ಕೆ ಮುಗಿಯುತ್ತವೆ. ಬಳಕೆ ಒಂದಿಷ್ಟೂ ಏರದೆ, ಪೂರೈಕೆದಾರರು ಒಂದು ದಿನವೂ ತಡಮಾಡದೆ ಇದ್ದರೂ ಯಂತ್ರ ನಿಲ್ಲುತ್ತದೆ. ಸುರಕ್ಷತಾ ದಾಸ್ತಾನು ಇದ್ದದ್ದು ಅನಿರೀಕ್ಷಿತಕ್ಕೆ. ಇಲ್ಲಿ ಅದನ್ನು ತಿಂದದ್ದು ನಮ್ಮದೇ ಕಚೇರಿಯ ಕ್ರಮ. ಐಟಂನ ಗಡುವಿನಲ್ಲಿ 12 ಎಂದೇ ಬರೆದು ಲೆವೆಲ್ ಅನ್ನು 300ಕ್ಕೆ ಏರಿಸಬೇಕು.

ಇದಕ್ಕಿಂತ ಗಂಭೀರವಾದದ್ದು ತಿರಸ್ಕಾರದ ಪ್ರಸಂಗ. ದಾಸ್ತಾನು 300 ಇದ್ದಾಗ 400ರ ಇಂಡೆಂಟ್ ಹುಟ್ಟಿತು, ಮೊತ್ತ 700 ಆಯಿತು. ದರ ಹೆಚ್ಚಾಯಿತೆಂದು ಮ್ಯಾನೇಜರು ಆರ್ಡರಿನ ಕರಡನ್ನು ತಿರಸ್ಕರಿಸಿದರು. ಇಂಡೆಂಟ್ ಮಾತ್ರ ಬಾಕಿಯೆಂದೇ ಉಳಿಯಿತು, ಆ 400 ಲೆಕ್ಕದಲ್ಲಿಯೇ ಇದೆ. ಹದಿನೈದು ದಿನಗಳ ಬಳಿಕ ಕಪಾಟು ಬರಿದಾದರೂ ತಂತ್ರಾಂಶಕ್ಕೆ ಕಾಣುವುದು 400. ಅದು 300ಕ್ಕಿಂತ ಹೆಚ್ಚಾದ್ದರಿಂದ ಎಚ್ಚರಿಕೆ ಬರುವುದೇ ಇಲ್ಲ. ಹಾಗೆಂದು ಇಂಡೆಂಟನ್ನು ಲೆಕ್ಕದಿಂದಲೇ ತೆಗೆಯುವಂತಿಲ್ಲ. ತೆಗೆದರೆ ಸಹಿಗೆ ಕಾಯುವ ದಿನಗಳಲ್ಲಿ ಪ್ರತಿ ಬೆಳಗ್ಗೆ ಹೊಸದೊಂದು ಇಂಡೆಂಟ್ ಹುಟ್ಟುತ್ತದೆ. ಸರಿಯಾದ ದಾರಿಯೆಂದರೆ, ಕರಡು ತಿರಸ್ಕೃತವಾದಾಗ ಅದರ ಮೂಲ ಇಂಡೆಂಟನ್ನೂ `Stop` ಮಾಡುವುದನ್ನು ಒಪ್ಪಿಗೆಯ ಕ್ರಮದಲ್ಲಿಯೇ ಸೇರಿಸುವುದು. ಆಗ ಮರುದಿನ ಬೇಡಿಕೆ ಮತ್ತೆ ಏಳುತ್ತದೆ, ಬೇರೆ ಪೂರೈಕೆದಾರರನ್ನು ಹುಡುಕಬಹುದು. ವಸ್ತುವೇ ಬೇಡವಾಗಿದ್ದರೆ ರೀಆರ್ಡರ್ ಲೆವೆಲ್ ಅನ್ನೇ ತೆಗೆದುಹಾಕಬೇಕು, ಇಲ್ಲದಿದ್ದರೆ ಪ್ರತಿ ಸಲ ನಿಲ್ಲಿಸಿದ ಮೇಲೂ ಇಂಡೆಂಟ್ ಮರಳಿ ಬರುತ್ತದೆ.

ಪೂರೈಕೆದಾರರ ಕಡೆಯಲ್ಲೂ ಇದೇ ಬಗೆಯ ಬಿರುಕಿದೆ. ಭಾರತೀಯ ಕರಾರು ಅಧಿನಿಯಮ, 1872ರ 7ನೆಯ ಪ್ರಕರಣದಂತೆ ಒಪ್ಪಿಗೆ ಷರತ್ತಿಲ್ಲದ್ದೂ ಸಂಪೂರ್ಣವೂ ಆಗಿರಬೇಕು. ಆರ್ಡರ್ ಕಳಿಸಿದ್ದಷ್ಟಕ್ಕೇ ಕರಾರು ಆಗುವುದಿಲ್ಲ. 400 ಕೇಳಿದ್ದಕ್ಕೆ "250 ಮಾತ್ರ ಕೊಡಬಲ್ಲೆವು" ಎಂಬ ಉತ್ತರ ಒಪ್ಪಿಗೆಯಲ್ಲ, ಹೊಸ ಪ್ರಸ್ತಾಪ. ತಂತ್ರಾಂಶಕ್ಕೆ ಈ ಭೇದ ಗೊತ್ತಿಲ್ಲ: ಆರ್ಡರ್ ಸಲ್ಲಿಕೆಯಾದೊಡನೆ ಪೂರ್ತಿ 400 ಬರುವ ಮಾಲೆಂದು ಎಣಿಸುತ್ತದೆ. ಆರ್ಡರಿನಲ್ಲಿ `Order Confirmation No` ಎಂಬ ಜಾಗವಿದ್ದರೂ ಅದನ್ನು ತುಂಬುವುದರಿಂದ ಎಣಿಕೆ ಬದಲಾಗದು.

250 ಬಂದ ದಿನ, ಉಳಿದಿದ್ದ 60 ಸೇರಿ ಕಪಾಟಿನಲ್ಲಿ 310 ಇರುತ್ತವೆ, ಬಾರದ 150 ಸೇರಿ ಲೆಕ್ಕದಲ್ಲಿ 460. ಮರುದಿನವೇ ಏಳಬೇಕಿದ್ದ ಇಂಡೆಂಟ್, ಕಪಾಟು 150ಕ್ಕೆ ಇಳಿಯುವವರೆಗೆ ಏಳುವುದಿಲ್ಲ. 150 ಎಂದರೆ ಏಳೂವರೆ ದಿನದ ಸರಕು, ಬೇಕಾದದ್ದು ಹನ್ನೆರಡು ದಿನದ್ದು. ಆದ್ದರಿಂದ ಪೂರೈಕೆದಾರರ ಉತ್ತರ ಬಂದ ದಿನವೇ ಆರ್ಡರಿನ ಪ್ರಮಾಣವನ್ನು 250ಕ್ಕೆ ತಿದ್ದಬೇಕು, ಜೊತೆಗೆ ಇಂಡೆಂಟಿನಲ್ಲಿ ಆ 150 ಬಾಕಿಯಾಗಿ ಮರಳಿ ನಿಂತಿದೆಯೇ ಎಂದು ನೋಡಿ, ನಿಂತಿದ್ದರೆ ಅದನ್ನು ಬೇರೆ ಪೂರೈಕೆದಾರರಿಗೆ ಆರ್ಡರ್ ಮಾಡಬೇಕು, ಇಲ್ಲವೇ `Stop` ಮಾಡಬೇಕು.

ಈ ದೋಷಗಳನ್ನು ಮಾಲು ಮುಗಿಯುವ ಮೊದಲೇ ಹಿಡಿಯಲು ಎರಡು ಪಟ್ಟಿ ಸಾಕು ಎಂಬುದು ನನ್ನ ಅಭಿಪ್ರಾಯ. ಮೂರು ದಿನ ಕಳೆದರೂ ಆರ್ಡರ್ ಆಗದ ಇಂಡೆಂಟುಗಳದ್ದು ಒಂದು. ಎರಡು ದಿನ ಕಳೆದರೂ ದೃಢೀಕರಣ ಸಂಖ್ಯೆ ಇಲ್ಲದ ಆರ್ಡರುಗಳದ್ದು ಇನ್ನೊಂದು. ಹಳೆಯ ಇಂಡೆಂಟಿನ ತಾರೀಕಿಗೂ ಅದರ ಮಾಲು ಸ್ಟೋರ್ಸ್‌ಗೆ ಬಂದ ತಾರೀಕಿಗೂ ಇರುವ ಅಂತರಕ್ಕೆ ತಪಾಸಣೆಯ ಒಂದು ದಿನವನ್ನು ಕೂಡಿಸಿದರೆ ಆ ಹನ್ನೆರಡು ನಿಮ್ಮಲ್ಲಿ ಎಷ್ಟೆಂದು ತಿಳಿಯುತ್ತದೆ. ಇದಕ್ಕೆ ಬೇಕಾದ ಎರಡು ತಾರೀಕುಗಳೂ ತಂತ್ರಾಂಶದಲ್ಲಿಯೇ ಇವೆ.